‘ನೋಡೋಣ’ ಅಂದಿದ್ದನ್ನು ‘ಸೇರಲ್ಲ’ ಎಂದು ಬರೆಯಲು ನಾಲ್ಕು ರಾತ್ರಿ

ಹೋದ ವಾರ ನನ್ನ ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. ಈಗ ಡಿಗ್ರಿ ಎರಡನೇ ವರ್ಷ, ಹಾಸ್ಟೆಲ್‌ನಲ್ಲಿದ್ದಾನೆ. "ಅಣ್ಣ, ಎಲ್ಲರೂ ಸೇರಿ ಐಪಿಎಲ್‌ಗೆ ದುಡ್ಡು ಹಾಕ್ತಿದಾರೆ. ನಂಗೆ ಇಷ್ಟ ಇಲ್ಲ. ಆದ್ರೆ ಬೇಡ ಅಂದ್ರೆ ಬೇಜಾರು ಮಾಡ್ಕೊತಾರೆ. ನೀನು ಆವಾಗ ಏನೋ ಲೆಟರ್ ಬರೆದಿದ್ದೆ ಅಂದಿದ್ಯಲ್ಲ, ಅದ್ರಲ್ಲಿ ಏನು ಬರೆದಿದ್ದೆ?" ಎಂದು ಕೇಳಿದ. ಫೋನಿನಲ್ಲಿ ಹೇಳಲು ಹೋದರೆ ಅರ್ಧ ಗಂಟೆ ಆದರೂ ಮುಗಿಯಲಿಲ್ಲ. ಅವನಿಗೆಂದು ಬರೆಯಲು ಕೂತದ್ದು ಇದು. ಇಂಥದೇ ಇಕ್ಕಟ್ಟಿನಲ್ಲಿ ಇರುವವರು ಇನ್ನೂ ಎಷ್ಟೋ ಜನ ಇರುತ್ತಾರೆ, ಅವರೂ ಓದಲಿ.

ಅದು 2023ರ ಮಾರ್ಚ್. ನಾನು ಮೈಸೂರಿನಲ್ಲಿ ಬಿ.ಕಾಂ. ಕೊನೇ ವರ್ಷದಲ್ಲಿದ್ದೆ. ಐಪಿಎಲ್ ಮಾರ್ಚ್ 31ಕ್ಕೆ ಶುರು, ನಮ್ಮ ಆರ್‌ಸಿಬಿಯ ಮೊದಲ ಮ್ಯಾಚ್ ಏಪ್ರಿಲ್ 2ಕ್ಕೆ, ಚಿನ್ನಸ್ವಾಮಿಯಲ್ಲಿ ಮುಂಬೈ ಮೇಲೆ. ಹಾಸ್ಟೆಲ್‌ನಲ್ಲಿ ನಾವು ಹನ್ನೆರಡು ಜನ ಯಾವಾಗಲೂ ಒಟ್ಟಿಗೆ ಇರುತ್ತಿದ್ದೆವು. ಒಬ್ಬೊಬ್ಬರನ್ನೂ ಊರಿನ ಹೆಸರಲ್ಲೇ ಕರೆಯುವುದು. ಒಬ್ಬ ಮಂಡ್ಯ, ಒಬ್ಬ ಕಡೂರು, ಒಬ್ಬ ಸಿರಾ. ನಮ್ಮ ಹಾಸ್ಟೆಲ್ ಟೀಮ್ ನಡೆಸುತ್ತಿದ್ದವನು ಮಾತ್ರ ಎಲ್ಲರಿಗೂ ಕ್ಯಾಪ್ಟನ್. ಪೂಲ್ ಮಾಡೋಣ ಎಂದವನೂ ಅವನೇ.

ಯೋಜನೆ ಹೀಗಿತ್ತು. ಒಬ್ಬೊಬ್ಬರು 2,000 ರೂಪಾಯಿ ಕ್ಯಾಪ್ಟನ್ ಖಾತೆಗೆ ಫೋನ್‌ಪೇ ಮಾಡಬೇಕು. ಅದರಲ್ಲಿ 1,400 ನಮ್ಮ ನಮ್ಮೊಳಗಿನ ಆಟಕ್ಕೆ. ಆರ್‌ಸಿಬಿಗೆ ಲೀಗ್‌ನಲ್ಲಿ 14 ಮ್ಯಾಚ್, ಮ್ಯಾಚಿಗೆ 100. ಟಾಸ್‌ಗೆ ಮುಂಚೆ ಯಾರು ಗೆಲ್ಲುತ್ತಾರೆ ಎಂದು ಗ್ರೂಪಿನಲ್ಲಿ ಹಾಕಬೇಕು. ತಪ್ಪು ಹೇಳಿದವರ ದುಡ್ಡನ್ನು ಸರಿ ಹೇಳಿದವರು ಹಂಚಿಕೊಳ್ಳುವುದು. ಉಳಿದ 600, ಅಂದರೆ ಹನ್ನೆರಡು ಜನರದ್ದು ಸೇರಿ 7,200, ಹೊರಗಿನ ಆಟಕ್ಕೆ. ಕ್ಯಾಪ್ಟನ್‌ಗೆ ಯಾರೋ ಒಂದು ವಾಟ್ಸಾಪ್ ನಂಬರ್ ಕೊಟ್ಟಿದ್ದರು. ಅಲ್ಲಿಗೆ ದುಡ್ಡು ಕಳಿಸಿದರೆ ಬೆಟ್ಟಿಂಗ್ ಸೈಟಿನ ಒಂದು ‘ಐಡಿ’ ಕೊಡುತ್ತಾರೆ. ಎಲ್ಲರೂ ಕೂತು ಮಾತಾಡಿ ಆ ಐಡಿಯಿಂದ ದೊಡ್ಡ ಮ್ಯಾಚ್‌ಗಳಿಗೆ ಆಡುವುದು. ದುಡ್ಡು ಕಟ್ಟಲು ಕೊನೇ ದಿನ ಮಾರ್ಚ್ 25.

ಮೂರು ಸಲ ನನ್ನನ್ನು ಕೇಳಿದರು. ಒಮ್ಮೆ ಮೆಸ್‌ನಲ್ಲಿ, ಒಮ್ಮೆ ರೂಮಿನಲ್ಲಿ, ಒಮ್ಮೆ ಬೈಕಿನಲ್ಲಿ ಹೋಗುವಾಗ. ಮೂರು ಸಲವೂ ನಾನು "ನೋಡೋಣ" ಎಂದೆ. ನನ್ನ ಮನಸ್ಸಿನಲ್ಲಿ ಅದು ‘ಬೇಡ’ ಎಂದೇ ಇತ್ತು. ಆದರೆ ನಮ್ಮ ಮಾತಿನಲ್ಲಿ ‘ನೋಡೋಣ’ ಎಂದರೆ ಕೇಳಿದವನಿಗೆ ‘ಆಗಬಹುದು’ ಎಂದೇ ಕೇಳಿಸುವುದು. ಮಾರ್ಚ್ 18ಕ್ಕೆ ಕ್ಯಾಪ್ಟನ್ ಪಟ್ಟಿ ಮಾಡಿ ಹಾಕಿದಾಗ ಹನ್ನೆರಡನೆಯ ಹೆಸರು ನನ್ನದು. ಅದರ ಪಕ್ಕದಲ್ಲಿ ‘ಲೆಕ್ಕ ಬರೆಯೋದು ಇವನೇ’ ಎಂದೂ ಇತ್ತು, ಬಿ.ಕಾಂ. ಓದುತ್ತಿದ್ದವನು ನಾನೊಬ್ಬನೇ ಆದ್ದರಿಂದ.

ಆವತ್ತು ರಾತ್ರಿ ಬರೆಯಲು ಕೂತೆ. ಎದುರಿಗೇ ಹೇಳಬಹುದಿತ್ತಲ್ಲ ಎಂದರೆ, ಮೂರು ಸಲ ಎದುರಿಗೆ ಏನು ಹೇಳಿದೆ ಎಂದು ಆಗಲೇ ಗೊತ್ತಾಗಿತ್ತು. ವಾಟ್ಸಾಪ್‌ನಲ್ಲಿ ಹಾಕಿದರೆ ಹನ್ನೊಂದು ಜನ ಒಂದೇ ನಿಮಿಷದಲ್ಲಿ ಉತ್ತರ ಕೊಡುತ್ತಾರೆ, ಒಬ್ಬ ನಗುವ ಚಿತ್ರ ಹಾಕುತ್ತಾನೆ, ನಾನು ಅದಕ್ಕೆ ಉತ್ತರ ಬರೆಯುತ್ತೇನೆ, ಹತ್ತು ನಿಮಿಷದಲ್ಲಿ ಮತ್ತೆ ‘ನೋಡೋಣ’ಕ್ಕೆ ಬಂದು ನಿಲ್ಲುತ್ತೇನೆ. ಕಾಗದದಲ್ಲಿ ಬರೆದರೆ ಕೊನೇ ಸಾಲಿನವರೆಗೆ ಓದಿ ಆಮೇಲೆ ಮಾತಾಡುತ್ತಾರೆ. ಅದಕ್ಕೇ ನೋಟ್‌ಬುಕ್ಕಿನ ಹಾಳೆ ತೆಗೆದುಕೊಂಡೆ.

ಮೊದಲ ರಾತ್ರಿ ಮೂರು ಪುಟ ಆಯಿತು. ಜೂಜಿನಿಂದ ಮನೆ ಹಾಳಾಗುವುದು, ಪೇಪರಿನಲ್ಲಿ ಓದಿದ ಸುದ್ದಿಗಳು, ಎಲ್ಲ ಬರೆದೆ. ಕರ್ನಾಟಕ ಪೊಲೀಸ್ ಕಾಯ್ದೆ, 78ನೇ ಸೆಕ್ಷನ್, ಕ್ರಿಕೆಟ್ ಬೆಟ್ಟಿಂಗ್‌ಗೆ ಕೇಸು ಹಾಕುವುದು ಅದರಲ್ಲಿ ಎಂದೂ ಬರೆದೆ. ಬೆಳಿಗ್ಗೆ ಎದ್ದು ಓದಿದೆ. ಮಂಡ್ಯದವನು ಇದನ್ನು ಓದುತ್ತಿದ್ದಾನೆ ಎಂದು ಅಂದುಕೊಂಡು ಓದಿದೆ. ಸೆಕ್ಷನ್ ನಂಬರ್ ಬಂದ ಕೂಡಲೇ ಅವನ ಮುಖ ಹೇಗಾಗುತ್ತದೆ ಎಂದು ಕಂಡಿತು. ‘ಇವನು ವಾರ್ಡನ್‌ಗೆ ಹೇಳ್ತಾನಾ? ಪೊಲೀಸ್‌ಗೆ ಹೇಳ್ತಾನಾ?’ ಅದೊಂದು ಸಾಲು ಇದ್ದರೆ ಬೇರೆ ಯಾವ ಸಾಲನ್ನೂ ಅವನು ಓದುವುದಿಲ್ಲ. ಕಾನೂನು ಸುಳ್ಳಲ್ಲ, ಅದು ನನಗೆ ಒಂದು ಕಾರಣವೂ ಹೌದು. ಆದರೆ ಗೆಳೆಯರಿಗೆ ಬರೆಯುವ ಕಾಗದದಲ್ಲಿ ಅದು ಬೆದರಿಕೆಯ ಥರ ಕೂರುತ್ತದೆ. ಹರಿದು ಹಾಕಿದೆ.

ಎರಡನೇ ರಾತ್ರಿ ಸುಲಭದ ದಾರಿ ಹಿಡಿದೆ. ‘ಮನೆಯಲ್ಲಿ ಸ್ವಲ್ಪ ಕಷ್ಟ, ಈ ಸಲ ದುಡ್ಡಿಲ್ಲ, ಆಗಲ್ಲ’ ಎಂದು ಎಂಟು ಸಾಲು. ಓದಲು ಚೆನ್ನಾಗಿತ್ತು, ಯಾರಿಗೂ ನೋವಾಗುವಂತಿರಲಿಲ್ಲ. ಅದನ್ನೇ ಕೊಟ್ಟುಬಿಡುತ್ತಿದ್ದೆ. ಅಷ್ಟರಲ್ಲಿ ರೂಮಿನಲ್ಲಿದ್ದ ಸಿರಾದವನು ಅವನಷ್ಟಕ್ಕೇ, "ಲೋ, ನಿಂದು ಎರಡು ಸಾವಿರ ನಾನು ಹಾಕಿರ್ತೀನಿ ಕಣೋ, ಆಮೇಲೆ ಕೊಡು" ಎಂದ. ನಾನು ಏನು ಬರೆಯುತ್ತಿದ್ದೇನೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನ್ನ ಕಾಗದ ಅಲ್ಲಿಗೇ ಮುಗಿಯಿತು. ದುಡ್ಡಿಲ್ಲ ಎಂದರೆ ಯಾರಾದರೂ ಕೊಡುತ್ತಾರೆ. ಪರೀಕ್ಷೆ ಇದೆ ಎಂದರೆ ಪರೀಕ್ಷೆ ಮುಗಿದ ಮೇಲೆ ಕರೆಯುತ್ತಾರೆ. ಅಪ್ಪ ಬೈಯುತ್ತಾರೆ ಎಂದರೆ ಅಪ್ಪನಿಗೆ ಹೇಗೆ ಗೊತ್ತಾಗುತ್ತೆ ಎನ್ನುತ್ತಾರೆ. ನೆಪ ಹೇಳಿದರೆ ಆ ನೆಪವನ್ನು ತೀರಿಸುವುದು ಗೆಳೆಯನ ಕೆಲಸ ಎಂದೇ ಅವರು ತಿಳಿಯುತ್ತಾರೆ, ಅದು ಅವರ ತಪ್ಪೂ ಅಲ್ಲ. ಮೇಲಾಗಿ ಅದು ಸುಳ್ಳು. ಸ್ಕಾಲರ್‌ಶಿಪ್ ಬಂದು ಹತ್ತು ದಿನ ಆಗಿತ್ತು.

ಅವತ್ತೇ ಇನ್ನೊಂದು ವಿಷಯ ಗಮನಕ್ಕೆ ಬಂತು. ನಾನು ‘ಆಗಲ್ಲ’ ಎಂದು ಬರೆದಿದ್ದೆ. ‘ಆಗಲ್ಲ’ ಎಂದರೆ ಮುಂದಿನ ಪ್ರಶ್ನೆ ‘ಯಾಕಾಗಲ್ಲ?’ ಎಂದು ತಾನಾಗಿಯೇ ಬರುತ್ತದೆ. ‘ಸೇರಲ್ಲ’ ಎಂದರೆ ಹಾಗಲ್ಲ. ಅಲ್ಲಿ ತಡೆಯುತ್ತಿರುವುದು ಹೊರಗಿನ ಅಡ್ಡಿ ಅಲ್ಲ, ನಾನೇ. ಬರೆಯುವಾಗ ಆ ಪದ ತುಂಬ ಗಡುಸು ಅನಿಸಿತು. ಆದರೂ ಅದನ್ನೇ ಇಟ್ಟುಕೊಳ್ಳಬೇಕು ಎಂದು ತೀರ್ಮಾನಿಸಿದೆ.

ಮೂರನೇ ರಾತ್ರಿ ಲೆಕ್ಕ ಹಾಕಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಂಥ ಪೂಲ್ ಹೇಗೆ ಕೆಲಸ ಮಾಡುತ್ತದೆ ಎಂದು ಆಡುವವರೇ ಕೂತು ನೋಡಿರುವುದಿಲ್ಲ. ಮೈಸೂರಿನ ಹಾಸ್ಟೆಲ್. ಹನ್ನೆರಡು ಜನರಲ್ಲಿ ಹತ್ತು ಜನ ಪ್ರತಿ ಮ್ಯಾಚಿಗೂ ಆರ್‌ಸಿಬಿ ಎಂದೇ ಹಾಕುತ್ತಾರೆ, ಇಬ್ಬರು ಎದುರು ಟೀಮ್ ಎನ್ನುತ್ತಾರೆ ಎಂದುಕೊಳ್ಳಿ. ಆರ್‌ಸಿಬಿ ಗೆದ್ದರೆ ಸೋತ ಇಬ್ಬರ 200 ರೂಪಾಯಿ ಹತ್ತು ಜನಕ್ಕೆ ಹಂಚಿಕೆ, ತಲೆಗೆ 20 ರೂಪಾಯಿ. ಆರ್‌ಸಿಬಿ ಸೋತರೆ ಹತ್ತು ಜನರ 1,000 ರೂಪಾಯಿ ಆ ಇಬ್ಬರಿಗೆ, ತಲೆಗೆ 500. ಅಂದರೆ ಅಭಿಮಾನಿ ಗೆದ್ದಾಗ 20 ಸಿಗುತ್ತದೆ, ಸೋತಾಗ 100 ಹೋಗುತ್ತದೆ. ಅವನಿಗೆ ನಷ್ಟ ಆಗದೇ ಇರಬೇಕೆಂದರೆ ಟೀಮ್ ಆರರಲ್ಲಿ ಐದು ಮ್ಯಾಚ್ ಗೆಲ್ಲಬೇಕು. ಹಿಂದಿನ ವರ್ಷ, 2022ರಲ್ಲಿ, ಆರ್‌ಸಿಬಿ 14 ಲೀಗ್ ಮ್ಯಾಚಿನಲ್ಲಿ 8 ಗೆದ್ದು 6 ಸೋತಿತ್ತು. ಪ್ಲೇ ಆಫ್‌ಗೆ ಹೋದ ಒಳ್ಳೆಯ ವರ್ಷ ಅದು. ಆ ವರ್ಷವೇ ಈ ಪೂಲ್ ಇದ್ದಿದ್ದರೆ ಪ್ರತಿ ಸಲ ಆರ್‌ಸಿಬಿಗೆ ಹಾಕಿದವನಿಗೆ 160 ಬಂದು 600 ಹೋಗುತ್ತಿತ್ತು. 440 ನಷ್ಟ. ಎದುರು ಹಾಕಿದ ಇಬ್ಬರಿಗೆ ತಲಾ 2,200 ಲಾಭ. ಟೀಮ್ ಗೆದ್ದ ವರ್ಷವೂ ಅದರ ಅಭಿಮಾನಿಗಳು ಸೋಲುತ್ತಾರೆ, ಅವರೆಲ್ಲ ಒಂದೇ ಕಡೆ ಇದ್ದಾರೆ ಎಂಬ ಒಂದೇ ಕಾರಣಕ್ಕೆ.

ಐಡಿಯ ಆಟ ಇದಕ್ಕಿಂತ ಸರಳ. ಸಮಬಲದ ಮ್ಯಾಚಿಗೂ ಅಲ್ಲಿ ನೂರಕ್ಕೆ ನೂರು ಕೊಡುವುದಿಲ್ಲ, ತೊಂಬತ್ತೋ ಎಷ್ಟೋ ಕೊಡುತ್ತಾರೆ. ತೊಂಬತ್ತು ಎಂದಿಟ್ಟುಕೊಂಡರೆ, ಒಬ್ಬ ಈ ಕಡೆ 100, ಒಬ್ಬ ಆ ಕಡೆ 100 ಇಟ್ಟಾಗ ಒಳಗೆ ಬಂದದ್ದು 200, ಗೆದ್ದವನಿಗೆ ಹೋದದ್ದು 190. ಯಾರು ಗೆದ್ದರೂ ಹತ್ತು ರೂಪಾಯಿ ಐಡಿ ಕೊಟ್ಟವನದು.

ಈ ಲೆಕ್ಕ ಬರೆದು ನನಗೇ ಖುಷಿಯಾಯಿತು. ಅಚ್ಚುಕಟ್ಟಾಗಿ ಎರಡು ಕಾಲಂ ಹಾಕಿ ಬರೆದೆ. ಆಮೇಲೆ ಕ್ಯಾಪ್ಟನ್ ಇದನ್ನು ಓದಿ ಏನು ಹೇಳುತ್ತಾನೆ ಎಂದು ಯೋಚಿಸಿದೆ. ಅವನು ಹೇಳುವುದು ಒಂದೇ: "ಸೂಪರ್ ಕಣೋ. ಹಾಗಾದ್ರೆ ನೀನು ಎದುರು ಟೀಮ್‌ಗೆ ಹಾಕು, ನೀನೇ ಗೆಲ್ತೀಯ!" ಮತ್ತು ಅವನು ಹೇಳಿದ್ದು ಸರಿಯಾಗಿಯೇ ಇರುತ್ತದೆ. ನನ್ನ ಲೆಕ್ಕ ನಾನು ಸೇರಬಾರದು ಎಂದು ತೋರಿಸುತ್ತಿರಲಿಲ್ಲ, ಹೇಗೆ ಸೇರಿದರೆ ಗೆಳೆಯರ ದುಡ್ಡು ನನಗೆ ಬರುತ್ತದೆ ಎಂದು ತೋರಿಸುತ್ತಿತ್ತು. ಅಲ್ಲಿಗೆ ಪೆನ್ ಕೆಳಗಿಟ್ಟೆ. ಯಾಕೆಂದರೆ ಅದನ್ನು ನಾನು ಒಂದು ಸಲ ಮಾಡಿದ್ದೆ.

2022ರ ಮೇ 27. ಅಹಮದಾಬಾದಿನಲ್ಲಿ ಎರಡನೇ ಕ್ವಾಲಿಫೈಯರ್, ಆರ್‌ಸಿಬಿ ಮೇಲೆ ರಾಜಸ್ಥಾನ. ಕಡೂರಿನವನೂ ನಾನೂ ಮಾತಿಗೆ ಮಾತು ಬೆಳೆಸಿ 200 ರೂಪಾಯಿ ಕಟ್ಟಿದ್ದೆವು. ಅವನು ಆರ್‌ಸಿಬಿ, ನಾನು ರಾಜಸ್ಥಾನ. ಬಟ್ಲರ್ ಆ ವರ್ಷ ಇದ್ದ ಫಾರ್ಮ್ ನೋಡಿ ಹಾಗೆ ಹೇಳಿದ್ದೆ. ಬಟ್ಲರ್ ಔಟಾಗದೆ 106 ಹೊಡೆದ, ರಾಜಸ್ಥಾನ ಏಳು ವಿಕೆಟ್‌ನಿಂದ ಗೆದ್ದಿತು. ಚಿಕ್ಕಂದಿನಿಂದ ಆರ್‌ಸಿಬಿ ಸೋತರೆ ಊಟ ಬಿಡುತ್ತಿದ್ದವನು ನಾನು. ಆವತ್ತು ಬಟ್ಲರ್ ಒಂದೊಂದು ಸಿಕ್ಸ್ ಹೊಡೆದಾಗಲೂ ನನ್ನೊಳಗೆ ಏನೋ ಹಗುರಾಗುತ್ತಿತ್ತು. ಪಕ್ಕದಲ್ಲಿ ಕಡೂರಿನವನು ತಲೆ ಮೇಲೆ ಕೈ ಹೊತ್ತು ಕೂತಿದ್ದ. ಮಾರನೇ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಬಂದ. ನೂರರ ಎರಡು ನೋಟು, ನಾಲ್ಕು ಮಡಿಕೆ ಮಾಡಿದ್ದು. ನನ್ನ ಸೋಪಿನ ಡಬ್ಬಿಯ ಮೇಲೆ ಇಟ್ಟ. ಬೇಡ ಕಣೋ ಎಂದೆ. "ಸೋತಿದ್ದು ಸೋತಿದ್ದೇ" ಎಂದು ನನ್ನ ಮುಖ ನೋಡದೆ ಹೋದ. ಆ ವಾರ ಅವನು ಸಂಜೆ ಟೀಗೆ ಬರಲಿಲ್ಲ. ದುಡ್ಡಿರಲಿಲ್ಲವೋ ಮನಸ್ಸಿರಲಿಲ್ಲವೋ, ನಾನು ಕೇಳಲಿಲ್ಲ.

ನನ್ನ ನಿಜವಾದ ಕಾರಣ ಇದು. ಮೂರು ರಾತ್ರಿ ಬೇರೆ ಏನೇನೋ ಬರೆದು ಇದನ್ನು ಬರೆದಿರಲಿಲ್ಲ.

ನಾಲ್ಕನೇ ರಾತ್ರಿ ಬರೆದದ್ದು ಒಂದು ಪುಟವೂ ಆಗಲಿಲ್ಲ. ಅದರ ಫೋಟೊ ಈಗಲೂ ನನ್ನ ಹತ್ತಿರ ಇದೆ, ಇದ್ದ ಹಾಗೇ ಕೊಡುತ್ತೇನೆ.

"ಪ್ರೀತಿಯ ಗೆಳೆಯರೇ,

ಈ ಐಪಿಎಲ್ ಪೂಲ್‌ಗೆ ನಾನು ಸೇರಲ್ಲ. ನೀವು ಮೂರು ಸಲ ಕೇಳಿದಾಗ ‘ನೋಡೋಣ’ ಅಂದಿದ್ದೆ. ಆಗಲೇ ನೇರವಾಗಿ ಹೇಳಬೇಕಿತ್ತು. ಹನ್ನೆರಡು ಜನ ಅಂತ ಲೆಕ್ಕ ಮಾಡಿದ್ದೀರಿ, ದಯವಿಟ್ಟು ಅದನ್ನ ಹನ್ನೊಂದು ಮಾಡಿಕೊಳ್ಳಿ. ಕೊನೇ ದಿನಕ್ಕೆ ಇನ್ನೂ ಮೂರು ದಿನ ಇದೆ ಅಂತ ಇವತ್ತೇ ಹೇಳ್ತಿದ್ದೀನಿ.

ಕಾರಣ ಇಷ್ಟೇ. ಹೋದ ವರ್ಷ ಒಂದು ಮ್ಯಾಚ್‌ಗೆ ದುಡ್ಡು ಕಟ್ಟಿ ನೋಡಿದ್ದೆ. ಗೆದ್ದೆ. ಆದ್ರೆ ಆವತ್ತು ಮ್ಯಾಚ್ ನೋಡುವಾಗ ನನ್ನ ಮನಸ್ಸು ಏನನ್ನ ಬಯಸ್ತಿತ್ತೋ ಅದು ನನಗೆ ಇಷ್ಟ ಆಗಲಿಲ್ಲ. ನಿಮ್ಮ ಯಾರ ದುಡ್ಡೂ ನನಗೆ ಆ ಥರ ಬರೋದು ಬೇಡ. ನನ್ನದು ನಿಮಗೆ ಹೋಗೋದೂ ಬೇಡ.

ದುಡ್ಡು ಹಾಕದಿದ್ರೂ ಲೆಕ್ಕ ಬರಿ ಅಂತ ಕೇಳಬೇಡಿ. ಪೂಲ್‌ಗೆ ಮಾಡಿರೋ ಗ್ರೂಪ್‌ನಿಂದ ನನ್ನ ನಂಬರ್ ತೆಗೀರಿ. ನೀವು ಆಡೋದು ನಿಮ್ಮ ನಿರ್ಧಾರ. ಆ ವಿಷಯ ನನ್ನಿಂದ ಹೊರಗೆ ಹೋಗಲ್ಲ.

ಮ್ಯಾಚ್ ಮಾತ್ರ ಎಲ್ಲಾ ಒಟ್ಟಿಗೇ ನೋಡೋಣ. ಏಪ್ರಿಲ್ 2ಕ್ಕೆ ಟಿವಿ ಹಾಲ್‌ನಲ್ಲಿ ಮುಂದಿನ ಸಾಲು ನಾನು ಹಿಡಿದಿರ್ತೀನಿ. ಆವತ್ತಿನ ಚುರುಮುರಿ ನನ್ನದು.

ಇಂತಿ ನಿಮ್ಮ ಗೆಳೆಯ"

ಇದರಲ್ಲಿ ಒಂದೆರಡು ಮಾತಿನ ಬಗ್ಗೆ ಹೇಳಬೇಕು. ‘ಕ್ಷಮಿಸಿ’ ಎಂದು ಮೊದಲು ಬರೆದು ಹೊಡೆದು ಹಾಕಿದೆ. ‘ನೋಡೋಣ’ ಎಂದು ಕಾಯಿಸಿದ್ದಕ್ಕೆ ತಪ್ಪು ಒಪ್ಪಿಕೊಂಡಿದ್ದೇನೆ, ಅದು ಸರಿ. ಸೇರದೇ ಇರುವುದಕ್ಕೆ ಕ್ಷಮೆ ಕೇಳಿದರೆ ನಾನೇನೋ ಬಾಕಿ ಇಟ್ಟುಕೊಂಡ ಹಾಗಾಗುತ್ತದೆ, ಆಮೇಲೆ ಯಾವುದಾದರೂ ದಿನ ಅದನ್ನು ತೀರಿಸು ಎನ್ನುತ್ತಾರೆ. ‘ಈ ಸಲ’ ಎಂಬ ಪದವನ್ನೂ ತೆಗೆದೆ. ಈ ಸಲ ಸೇರಲ್ಲ ಎಂದರೆ ಮುಂದಿನ ಸಲ ಸೇರುತ್ತೇನೆ ಎಂದೇ ಅರ್ಥ. ಕಡೂರಿನವನ ಹೆಸರು ಹಾಕಲಿಲ್ಲ. ಅವನಿಗೆ ಗೊತ್ತಾಗುತ್ತದೆ, ಉಳಿದವರಿಗೆ ಗೊತ್ತಾಗಬೇಕಿಲ್ಲ.

ಲೆಕ್ಕ ಬರೆಯಲ್ಲ ಎಂಬ ಸಾಲು ಚಿಕ್ಕದಾಗಿ ಕಂಡರೂ ಅದಕ್ಕೆ ಜಾಸ್ತಿ ಹೊತ್ತು ಯೋಚಿಸಿದ್ದೆ. ದುಡ್ಡು ಹಾಕುವುದಿಲ್ಲ ಎಂದವನಿಗೆ ಗೆಳೆಯರು ಮೊದಲು ಕೊಡುವುದು ಈ ಕೆಲಸ. ಸುಮ್ನೆ ಬರೆದುಕೋ, ನಿನಗೇನು ಹೋಗುತ್ತೆ ಎನ್ನುತ್ತಾರೆ. ಆದರೆ ಯಾರು ಎಷ್ಟು ಸೋತರು, ಯಾರು ಯಾರಿಗೆ ಕೊಡಬೇಕು ಎಂದು ಪುಸ್ತಕ ಇಟ್ಟವನು ಆಟದ ಮಧ್ಯದಲ್ಲೇ ಇರುತ್ತಾನೆ. ನಾಳೆ ಏನಾದರೂ ಆದರೆ ಮೊದಲು ಸಿಗುವುದು ಅವನ ಕೈಬರಹವೇ.

ಇನ್ನೊಂದು ಮಾತು ಕಾಗದದಲ್ಲಿ ಹಾಕಲಿಲ್ಲ, ಬೇಕೆಂದೇ ಹಾಕಲಿಲ್ಲ. ಅದು ಐಡಿಯ ವಿಷಯ. ಹನ್ನೊಂದು ಜನರ ಮುಂದೆ ಕ್ಯಾಪ್ಟನ್‌ಗೆ ‘ನಿನ್ನ ಖಾತೆ ಹುಷಾರು’ ಎಂದರೆ ಅವನಿಗೆ ಅವಮಾನ. ಮಾರ್ಚ್ 22ರ ಸಂಜೆ ಅವನೊಬ್ಬನನ್ನೇ ಟೀ ಅಂಗಡಿಗೆ ಕರೆದೆ. ಬೈಟು ಟೀ ಹೇಳಿ ಮೊದಲು ಕಾಗದ ಕೊಟ್ಟೆ. ನಿಂತಲ್ಲೇ ಓದಿದ. ಒಂದು ಸಲ ಓದಿ ಇನ್ನೊಂದು ಸಲ ಓದಿದ. "ಇಷ್ಟಕ್ಕೆಲ್ಲ ಲೆಟರ್ ಬೇಕಿತ್ತೇನೋ?" ಎಂದ. ಬೇಜಾರಾಗಿತ್ತು, ಗೊತ್ತಾಗುತ್ತಿತ್ತು. ನಾನು ಸಮಜಾಯಿಷಿ ಕೊಡಲು ಹೋಗಲಿಲ್ಲ. ಹೇಳಬೇಕಾದ್ದು ಕಾಗದದಲ್ಲಿತ್ತು.

ಆಮೇಲೆ ನಮ್ಮ ಸೀನಿಯರ್ ಒಬ್ಬನಿಗೆ ಹಿಂದಿನ ವರ್ಷ ಆದದ್ದನ್ನು ನೆನಪಿಸಿದೆ. ಅವನೂ ಇಂಥದೇ ಐಡಿಯಲ್ಲಿ ಆಡಿ 3,800 ಗೆದ್ದು ತೆಗೆದುಕೊಂಡಿದ್ದ. ಅದು ಬಂದದ್ದು ಯಾವುದೋ ಕಂಪನಿಯ ಖಾತೆಯಿಂದ ಅಲ್ಲ, ಹೆಸರೇ ಗೊತ್ತಿಲ್ಲದ ಒಬ್ಬ ಮನುಷ್ಯನ ಖಾತೆಯಿಂದ. ಈ ಐಡಿಯವರು ಹಾಗೇ ಮಾಡುವುದು. ದುಡ್ಡು ತೆಗೆದುಕೊಳ್ಳಲು ಒಂದು ಖಾತೆ, ಕೊಡಲು ಇನ್ನೊಂದು, ಆಗಾಗ ಬದಲು. ಎಲ್ಲ ಬಾಡಿಗೆಗೆ ಪಡೆದ ಖಾತೆಗಳು. ಅದೇ ಖಾತೆಗಳಿಗೆ ಬೇರೆ ಮೋಸಗಳ ದುಡ್ಡೂ ಬಂದು ಹೋಗುತ್ತಿರುತ್ತದೆ. ಎಲ್ಲೋ ಮೋಸ ಹೋದ ಒಬ್ಬರು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟರೆ ಆ ದುಡ್ಡು ಯಾವ ಯಾವ ಖಾತೆಗೆ ಹೋಯಿತು ಎಂದು ಹಿಂಬಾಲಿಸಿ ತಡೆ ಹಾಕುತ್ತಾರೆ. ನಮ್ಮ ಸೀನಿಯರ್ ಖಾತೆಗೆ ಹಾಗೆ ತಡೆ ಬಿತ್ತು. ಒಂದು ದಿನ ಎಟಿಎಂನಲ್ಲಿ ದುಡ್ಡು ಬರಲಿಲ್ಲ, ಯುಪಿಐ ನಡೆಯಲಿಲ್ಲ. ಬ್ಯಾಂಕಿಗೆ ಹೋದರೆ ದೂರು ಬೇರೆ ರಾಜ್ಯದ್ದು, ಅಲ್ಲಿನ ಸೈಬರ್ ಠಾಣೆಗೆ ಬರೆಯಿರಿ ಎಂದರು. ಗೆದ್ದ 3,800 ಮಾತ್ರ ಅಲ್ಲ, ಮನೆಯಿಂದ ಕಳಿಸಿದ್ದ ಪರೀಕ್ಷೆ ಫೀಸೂ ಅದರಲ್ಲೇ ಇತ್ತು. ಬಿಡಿಸಿಕೊಳ್ಳಲು ಎರಡು ತಿಂಗಳು ಓಡಾಡಿದ. ‘ಈ ದುಡ್ಡು ಎಲ್ಲಿಂದ ಬಂತು’ ಎಂದು ಕೇಳಿದಾಗ ಹೇಳಲು ಅವನ ಹತ್ತಿರ ಬೆಟ್ಟಿಂಗ್ ಬಿಟ್ಟು ಬೇರೆ ಉತ್ತರ ಇರಲಿಲ್ಲ.

"ಹನ್ನೊಂದು ಜನ ಆಡೋದು, ಖಾತೆ ನಿಂದೊಂದೇ" ಎಂದೆ. ಕ್ಯಾಪ್ಟನ್ ಟೀ ಲೋಟ ತಿರುಗಿಸುತ್ತಾ ನಿಂತ. "ಕೇಸ್ ಆದ್ರೂ ಹೆಸ್ರು ನಂದೇ ಬರುತ್ತೆ ಅಲ್ವಾ?" ಎಂದು ಅವನೇ ಕೇಳಿದ. ಹೌದು ಎಂದೆ.

ಆವತ್ತು ರಾತ್ರಿ ಅವನೇ ಕಾಗದವನ್ನು ಎಲ್ಲರಿಗೂ ಓದಲು ಕೊಟ್ಟ. ಐಡಿ ಬೇಡ ಎಂದು ಅವನೇ ಹೇಳಿ 600 ಕೈಬಿಟ್ಟ. ಒಳಗಿನ ಆಟ ನಿಲ್ಲಲಿಲ್ಲ, ಹನ್ನೊಂದು ಜನರ ಮಧ್ಯೆ ನಡೆಯಿತು. ನಾನು ಅದನ್ನು ನಿಲ್ಲಿಸಲು ಹೊರಟವನೂ ಅಲ್ಲ.

ಮೊದಲ ಹತ್ತು ದಿನ ನನಗೆ ಕಷ್ಟವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಊಟದ ಟೇಬಲ್ಲಿನಲ್ಲಿ ಯಾರು ಯಾವುದಕ್ಕೆ ಹಾಕಿದರು ಎಂಬ ಮಾತು ನಡೆಯುತ್ತಿರುತ್ತದೆ, ನಾನು ಬಂದ ಕೂಡಲೇ ನಿಲ್ಲುತ್ತದೆ. ಮಂಡ್ಯದವನು ಎರಡು ಸಲ "ದೊಡ್ಡ ಮನುಷ್ಯರು ಬಂದ್ರು, ಜಾಗ ಬಿಡ್ರೋ" ಎಂದ. ನಾನು ಉತ್ತರ ಕೊಡಲಿಲ್ಲ. ಏಪ್ರಿಲ್ 2ಕ್ಕೆ ಹೇಳಿದ ಹಾಗೇ ಮುಂದಿನ ಸಾಲು ಹಿಡಿದು, ಹನ್ನೆರಡು ಪೊಟ್ಟಣ ಚುರುಮುರಿ ತಂದೆ. ಕೊಹ್ಲಿ ಔಟಾಗದೆ 82, ಡುಪ್ಲೆಸಿ 73, ಎಂಟು ವಿಕೆಟ್‌ನಿಂದ ಗೆದ್ದೆವು. ಆವತ್ತು ಮಂಡ್ಯದವನೇ ನನ್ನ ಹೆಗಲ ಮೇಲೆ ಹತ್ತಿ ಕೂಗಿದ. ಕಾಗದದಲ್ಲಿ ಆ ಚುರುಮುರಿಯ ಸಾಲು ಬರೆಯದೇ ಹೋಗಿದ್ದರೆ ನಾನು ಆ ದಿನ ರೂಮಿನಲ್ಲೇ ಕೂತಿರುತ್ತಿದ್ದೆನೋ ಏನೋ.

ಏಪ್ರಿಲ್ 10ರ ಮ್ಯಾಚ್ ಯಾರೂ ಮರೆತಿರಲಾರರು. ಚಿನ್ನಸ್ವಾಮಿಯಲ್ಲಿ ನಾವು 212 ಹೊಡೆದಿದ್ದೆವು. ಲಕ್ನೋದ ಪೂರನ್ 19 ಬಾಲಿಗೆ 62 ಹೊಡೆದ. ಕೊನೇ ಬಾಲಿಗೆ ಒಂದು ರನ್ ಬೇಕು, ಒಂದೇ ವಿಕೆಟ್ ಉಳಿದಿದೆ. ಹರ್ಷಲ್ ಪಟೇಲ್ ಓಡಿ ಬಂದು ನಾನ್ ಸ್ಟ್ರೈಕರ್ ಬಿಷ್ಣೋಯಿಯನ್ನು ರನೌಟ್ ಮಾಡಲು ಹೋದ, ಕೈ ಸ್ಟಂಪಿಗೆ ತಾಗಲಿಲ್ಲ. ಮತ್ತೆ ಹಾಕಿದ ಬಾಲು ಬ್ಯಾಟಿಗೆ ಸಿಗಲಿಲ್ಲ, ಕಾರ್ತಿಕ್ ಕೈಗೂ ಸರಿಯಾಗಿ ಸಿಗಲಿಲ್ಲ, ಅವರು ಬೈ ಓಡಿಬಿಟ್ಟರು. ಹಾಲ್‌ನಲ್ಲಿ ಒಂದು ಸದ್ದಿಲ್ಲ. ಲಕ್ನೋಗೆ ಹಾಕಿದ್ದ ಇಬ್ಬರು ನಗಲೂ ಆಗದೆ, ನಗದಿರಲೂ ಆಗದೆ ನೆಲ ನೋಡುತ್ತಾ ಕೂತಿದ್ದರು. ಒಂಬತ್ತು ಜನರ 900 ರೂಪಾಯಿ ಅವರಿಬ್ಬರದಾಗಿತ್ತು. ಕಡೂರಿನವನು ಎದ್ದು ಚಪ್ಪಲಿ ಹಾಕಿಕೊಳ್ಳದೆ ಹೊರಗೆ ಹೋದ. ನಾನೂ ಹಿಂದೆಯೇ ಹೋದೆ. ಕಟ್ಟೆ ಮೇಲೆ ಕೂತು ಆ ರನೌಟಿನ ಬಗ್ಗೆಯೇ ಒಂದು ಗಂಟೆ ಬೈದುಕೊಂಡೆವು. ನಡುವೆ ಅವನು, "ಆ ಲೆಟರಲ್ಲಿ ಬರೆದಿದ್ದು ನಮ್ಮಿಬ್ರದ್ದೇ ಅಲ್ವಾ?" ಎಂದ. "ಹೂಂ" ಎಂದೆ. ಮತ್ತೆ ಹರ್ಷಲ್ ಪಟೇಲ್ ವಿಷಯಕ್ಕೇ ಹೋದೆವು.

ಆ ವರ್ಷ ಆರ್‌ಸಿಬಿ 14ರಲ್ಲಿ 7 ಗೆದ್ದು 7 ಸೋತಿತು. ಪ್ರತಿ ಸಲ ಆರ್‌ಸಿಬಿಗೇ ಹಾಕಿದ್ದ ಕಡೂರಿನವನಿಗೆ ಐನೂರು ಚಿಲ್ಲರೆ ಹೋಯಿತು. ಅದಕ್ಕಿಂತ ದೊಡ್ಡ ತೊಂದರೆ ಆದದ್ದು ಮಂಡ್ಯದವನ 700ರಿಂದ. ಅವನು ಶುರುವಿನಲ್ಲಿ ಅರ್ಧ ಕಟ್ಟಿ ಉಳಿದದ್ದು ಆಮೇಲೆ ಎಂದಿದ್ದ. ಏಳು ಮ್ಯಾಚ್ ಆದ ಮೇಲೆ ಕೊಡಲಿಲ್ಲ. ಬಿ.ಕಾಂ.ನಲ್ಲಿ ಓದಿದ್ದ ಕಾಂಟ್ರಾಕ್ಟ್ ಕಾಯ್ದೆ ನೆನಪಾಯಿತು. 1872ರ ಆ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಪಣದ ಒಪ್ಪಂದಕ್ಕೆ ಬೆಲೆ ಇಲ್ಲ, ಗೆದ್ದ ದುಡ್ಡು ಕೊಡಿಸಿ ಎಂದು ಕೋರ್ಟಿಗೆ ಹೋಗುವಂತಿಲ್ಲ. ಬಾಕಿ ಕೇಳಲು ಇರುವುದು ಗೆಳೆತನದ ಸಲುಗೆ ಒಂದೇ. ಕ್ಯಾಪ್ಟನ್ ಕೇಳಿದ, ಎಲ್ಲರ ಮುಂದೆ ಕೇಳಿದ, ಕೊನೆಗೆ ತನ್ನ ಕೈಯಿಂದ ಹಾಕಿದ. ಪರೀಕ್ಷೆ ಮುಗಿದು ಊರಿಗೆ ಹೊರಡುವ ದಿನವೂ ಅವರಿಬ್ಬರು ಮಾತಾಡಲಿಲ್ಲ. ಇಬ್ಬರೂ ನನ್ನ ಹತ್ತಿರ ಬಂದು ಬೇರೆ ಬೇರೆಯಾಗಿ ಹೇಳಿಕೊಂಡರು. ಆಟದಲ್ಲಿ ಇಲ್ಲದಿದ್ದವನು ನಾನೊಬ್ಬನೇ ಆಗಿದ್ದರಿಂದ ಹೇಳಿಕೊಳ್ಳಲು ಸುಲಭವಾಯಿತೋ ಏನೋ. ಆ 700 ಈಗಲೂ ಹಾಗೇ ಇದೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನಿನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ ತಂದಿತು. ಆದರೆ ಹಾಸ್ಟೆಲ್ ರೂಮಿನಲ್ಲಿ ಹತ್ತು ಹುಡುಗರು ಮ್ಯಾಚಿಗೆ ನೂರು ಎಂದುಕೊಳ್ಳುವುದಕ್ಕೆ ಆ್ಯಪ್ ಬೇಕಾಗಿಲ್ಲ. ಅದಕ್ಕೇ ನನ್ನ ತಮ್ಮನನ್ನು ಆಟಕ್ಕೆ ಕರೆದದ್ದು ಆ್ಯಪ್ ಕಂಪನಿ ಅಲ್ಲ, ಹಾಸ್ಟೆಲ್‌ನ ಗೆಳೆಯರೇ.

ನಿನ್ನೆ ರಾತ್ರಿ ಅವನು ಬರೆದ ಕಾಗದದ ಫೋಟೊ ಕಳಿಸಿದ. ಚೆನ್ನಾಗಿ ಬರೆದಿದ್ದಾನೆ, ನನ್ನದನ್ನು ನಕಲು ಮಾಡಿಲ್ಲ. ಅವನ ಕಾರಣ ಬೇರೆ, ಅದು ಅವನದೇ. ಒಂದು ಸಾಲು ಮಾತ್ರ ಹೀಗಿತ್ತು: ‘ಈ ವರ್ಷ ನನಗೆ ಸೇರೋಕೆ ಆಗ್ತಾ ಇಲ್ಲ.’ ಫೋನ್ ಮಾಡಿ ಆ ಸಾಲನ್ನು ಅವನ ಕೈಯಲ್ಲೇ ಜೋರಾಗಿ ಓದಿಸಿದೆ. ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದ. "ಮುಂದಿನ ವರ್ಷ ಬಾ ಅಂತಾರೆ ಅಲ್ವಾ ಅಣ್ಣ?" ಎಂದ. ಆಮೇಲೆ ಪೆನ್ನಿನಿಂದ ಗೀಚುವ ಸದ್ದು ಫೋನಿನಲ್ಲಿ ಕೇಳಿಸಿತು.